ನಿಮ್ಮ ಸ್ಕ್ಯಾನರ್ ಹೇಳುವ ‘ಮುಚ್ಚಿದೆ’ ಎಷ್ಟು ನಿಜ?

“ಮಾನ್ಯ ಸಂಪಾದಕರಿಗೆ ನಮಸ್ಕಾರಗಳು. ‘ಪೈಥಾನಿನಲ್ಲಿ ಪೋರ್ಟ್ ಸ್ಕ್ಯಾನರ್ ಬರೆಯೋಣ’ ಎಂಬ ನನ್ನ ಲೇಖನವನ್ನು ಕಳಿಸುತ್ತಿದ್ದೇನೆ. ಈ ಸ್ಕ್ಯಾನರ್ ಕಂಪ್ಯೂಟರಿನ ಯಾವ ಪೋರ್ಟುಗಳು ತೆರೆದಿವೆ ಎಂದು ಒಂದೊಂದಾಗಿ ತಟ್ಟಿ ನೋಡುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ 1024 ಪೋರ್ಟುಗಳು ಕಣ್ಣು ಮಿಟುಕಿಸುವುದರೊಳಗೆ ಮುಗಿದವು. ಮನೆಯ ಇನ್ನೊಂದು ಕಂಪ್ಯೂಟರಿಗೆ ಹದಿನೇಳು ನಿಮಿಷ ಹಿಡಿಯಿತು. ವೈಫೈ ನಿಧಾನವಿರಬೇಕು ಎಂದು ಬರೆದಿದ್ದೇನೆ. ಪ್ರಕಟಣೆಗೆ ಯೋಗ್ಯವೇ, ತಿದ್ದಬೇಕಾದುದೇನು, ದಯವಿಟ್ಟು ನಿರ್ದಾಕ್ಷಿಣ್ಯವಾಗಿ ತಿಳಿಸಿ. – ಕಾರವಾರದ ಓದುಗ”

ಪ್ರಿಯ ಲೇಖಕರೇ,

ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾರೆ. ಮೊದಲ ಮೂರು ಪ್ಯಾರಾಗಳಲ್ಲಿ ಬೈತಖೋಲ್ ಬಂದರನ್ನೂ ಅಲ್ಲಿ ನಿಂತ ದೋಣಿಗಳನ್ನೂ ಚೆನ್ನಾಗಿಯೇ ವರ್ಣಿಸಿದ್ದೀರಿ, ಆದರೆ ಕಂಪ್ಯೂಟರಿನ ಪೋರ್ಟು ಹಡಗು ತಂಗುವ ಜಾಗವಲ್ಲ. ಅದು ಪ್ಯಾಕೆಟ್ಟಿನ ತಲೆಬರಹದಲ್ಲಿರುವ, 65535ಕ್ಕೆ ಮೀರದ ಒಂದು ಸಂಖ್ಯೆ. ಬಂದ ಪ್ಯಾಕೆಟ್ಟನ್ನು ಯಾವ ಪ್ರೋಗ್ರಾಮಿಗೆ ಕೊಡಬೇಕೆಂದು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ಅದನ್ನು ನೋಡಿ ತಿಳಿಯುತ್ತದೆ. ಆ ಪ್ಯಾರಾಗಳನ್ನು ತೆಗೆದುಬಿಡಿ.

ನನ್ನ ಮುಖ್ಯ ತಕರಾರು ಇರುವುದು ಈ ನಾಲ್ಕು ಸಾಲುಗಳ ಬಗ್ಗೆ:

```python
if s.connect_ex((host, port)) == 0:
    print(port, "open")
else:
    print(port, "closed")
```

ಸೊನ್ನೆ ಬಂದರೆ ಪೋರ್ಟು ತೆರೆದಿದೆ ಎಂಬುದು ಸರಿ. ಆದರೆ ಸೊನ್ನೆಯಲ್ಲದ್ದೆಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ‘ಮುಚ್ಚಿದೆ’ ಎಂದುಬಿಟ್ಟಿರಿ, ಅಲ್ಲಿಗೆ ಕಲಿಯಬೇಕಾದ ಸಂಗತಿಯೇ ಕೈತಪ್ಪಿಹೋಯಿತು. `else` ತೆಗೆದು, ಬಂದ ಸಂಖ್ಯೆಯನ್ನೂ ಹಿಡಿದ ಸಮಯವನ್ನೂ ಮುದ್ರಿಸಿ ನೋಡಿ. ಲಿನಕ್ಸಿನಲ್ಲಿ ಬಹುಮಟ್ಟಿಗೆ ಎರಡು ಸಂಖ್ಯೆಗಳು ಕಾಣುತ್ತವೆ: 111 ಮತ್ತು 11.

ಊರ ಮನೆಯೊಂದರ ಅಂಗಳದಲ್ಲಿ ನಿಂತು ಕೂಗುತ್ತೀರಿ ಎಂದುಕೊಳ್ಳಿ. “ನೀವು ಕೇಳುವವರು ಇಲ್ಲಿಲ್ಲ” ಎಂದು ಒಳಗಿನಿಂದ ಉತ್ತರ ಬರುವುದು ಬೇರೆ, ಏನೂ ಕೇಳಿಸದಿರುವುದು ಬೇರೆ. ಸಂಪರ್ಕ ಕೋರಿ ನಿಮ್ಮ ಕಂಪ್ಯೂಟರ್ ಕಳಿಸಿದ ಎಸ್‌ವೈಎನ್ ಪ್ಯಾಕೆಟ್ಟಿಗೆ ಎದುರಿನ ಕರ್ನಲ್ ಆರ್‌ಎಸ್‌ಟಿ ಕಳಿಸಿದರೆ 111 ಬರುತ್ತದೆ. ಇದು ಸ್ಪಷ್ಟವಾದ ನಿರಾಕರಣೆ, ಮನೆಯೊಳಗಿನ ನೆಟ್‌ವರ್ಕಿನಲ್ಲಿ ಕೆಲವೇ ಮಿಲಿಸೆಕೆಂಡುಗಳಲ್ಲಿ ತಲುಪುತ್ತದೆ. ಯಾವ ಉತ್ತರವೂ ಬಾರದೆ `settimeout(1)` ಕೊಟ್ಟ ಒಂದು ಸೆಕೆಂಡು ಮುಗಿದುಹೋದರೆ ಬರುವುದು 11. ಹೀಗೆ ಉತ್ತರವಿಲ್ಲದ ಸಾವಿರ ಪೋರ್ಟುಗಳಿಗೆ ಸಾವಿರ ಸೆಕೆಂಡು, ಅಂದರೆ ನಿಮ್ಮ ಹದಿನೇಳು ನಿಮಿಷ. ವೈಫೈ ಮೇಲೆ ಹೊರಿಸಿದ ಅಪವಾದವನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ. ಆ ಕಂಪ್ಯೂಟರಿನ ಫೈರ್‌ವಾಲ್ ಪ್ಯಾಕೆಟ್ಟುಗಳನ್ನು ಸದ್ದಿಲ್ಲದೆ ಬೀಳಿಸುತ್ತಿದೆ ಎಂಬುದೇ ಹೆಚ್ಚು ಸಂಭವ.

ಇದನ್ನು ಶಿರಸಿಯ ನಮ್ಮ ಕಚೇರಿಯಲ್ಲಿ, ಉಬುಂಟು ಇರುವ ಹಳೆಯ ಲ್ಯಾಪ್‌ಟಾಪಿನ ಮೇಲೆ, ಇನ್ನೊಂದು ಯಂತ್ರದಿಂದ ಪರೀಕ್ಷಿಸಿ ನೋಡಿದೆ. ಫೈರ್‌ವಾಲ್ ಇಲ್ಲದಾಗ 22ನೆಯ ಪೋರ್ಟಿಗೆ 0, ಯಾವ ಪ್ರೋಗ್ರಾಮೂ ಕೇಳಿಸಿಕೊಳ್ಳದ 23ಕ್ಕೆ 111 ಬಂದವು. ಆಮೇಲೆ ಹಳೆಯ ಲ್ಯಾಪ್‌ಟಾಪಿನಲ್ಲಿ ಉಬುಂಟುವಿನ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂವನ್ನು ಹೀಗೆ ಚಾಲೂ ಮಾಡಿದೆ:

```
sudo ufw allow 22
sudo ufw enable
```

ಈಗ 22ಕ್ಕೆ 0 ಹಾಗೆಯೇ ಉಳಿಯಿತು, 23 ಮಾತ್ರ ಒಂದು ಸೆಕೆಂಡು ಕಾಯಿಸಿ 11 ಕೊಟ್ಟಿತು. 23ರಲ್ಲಿ ಮೊದಲೂ ಯಾರೂ ಇರಲಿಲ್ಲ, ಈಗಲೂ ಇಲ್ಲ. ಬದಲಾದದ್ದು ಉತ್ತರ ಕೊಡುವ ರೀತಿ. ಕೊನೆಗೆ `sudo ufw reject 23/tcp` ಎಂದಾಗ ಮತ್ತೆ 111 ಬಂತು, ಏಕೆಂದರೆ ಈ ಸಲ ಫೈರ್‌ವಾಲೇ ಆರ್‌ಎಸ್‌ಟಿ ಕಳಿಸಿತು. ಆದ್ದರಿಂದ 111 ಬಂದ ಮಾತ್ರಕ್ಕೆ ಒಳಗೆ ಪ್ರೋಗ್ರಾಮ್ ಇಲ್ಲವೆಂದು ಖಚಿತವಾಗಿ ಹೇಳಲಾಗದು. ನೀವು ನಿಮ್ಮದೇ ಲ್ಯಾಪ್‌ಟಾಪನ್ನು ಸೂಚಿಸುವ 127.0.0.1 ವಿಳಾಸದಲ್ಲಿ ಮಾಡಿದ ಪರೀಕ್ಷೆಯಲ್ಲಿ ಇದಾವುದೂ ಕಾಣುವುದಿಲ್ಲ, ಏಕೆಂದರೆ ಯುಎಫ್‌ಡಬ್ಲ್ಯೂ ತನ್ನದೇ ಯಂತ್ರದೊಳಗಿನ ಓಡಾಟವನ್ನು ತಡೆಯುವುದಿಲ್ಲ.

ಒಂದು ಸೆಕೆಂಡಿನ ಮಿತಿಯೂ ನನಗೆ ಒಪ್ಪಿಗೆಯಿಲ್ಲ. ಎಸ್‌ವೈಎನ್ ದಾರಿಯಲ್ಲಿ ಕಳೆದುಹೋದರೆ ಲಿನಕ್ಸ್ ಸುಮಾರು ಒಂದು ಸೆಕೆಂಡಿನ ಬಳಿಕ ಅದನ್ನು ಮತ್ತೆ ಕಳಿಸುತ್ತದೆ, ನೀವೋ ಅಷ್ಟರಲ್ಲಿ ಬಾಗಿಲು ಬಿಟ್ಟು ಹೊರಟಿರುತ್ತೀರಿ. ಮಿತಿಯನ್ನು ಎರಡು ಸೆಕೆಂಡು ಮಾಡಿದರೆ ಎರಡನೆಯ ಕೂಗಿಗೂ ಉತ್ತರ ಸಿಗುವ ಅವಕಾಶವಿದೆ. ಮಿತಿಯೇ ಇಲ್ಲದಿದ್ದರೆ ಮೂಲ ಸಂಯೋಜನೆಯಲ್ಲಿ ಒಂದೊಂದು ಮೌನಿ ಪೋರ್ಟಿಗೂ ಎರಡು ನಿಮಿಷಕ್ಕಿಂತ ಹೆಚ್ಚು ಕಾಯಬೇಕಾಗುತ್ತದೆ.

ವೇಗಕ್ಕಾಗಿ ಕೊನೆಯಲ್ಲಿ ಸಾವಿರಾರು ಥ್ರೆಡ್ಡುಗಳನ್ನು ಒಟ್ಟಿಗೆ ಬಿಟ್ಟು, ಸುತ್ತ `except: pass` ಹಾಕಿದ್ದೀರಿ. ಅನೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ ಒಂದು ಪ್ರೋಗ್ರಾಮ್ ಸಾಮಾನ್ಯವಾಗಿ 1024 ಫೈಲುಗಳನ್ನಷ್ಟೇ ಏಕಕಾಲಕ್ಕೆ ತೆರೆದಿಡಬಹುದು, ಸಾಕೆಟ್ಟುಗಳೂ ಆ ಲೆಕ್ಕಕ್ಕೇ ಸೇರುತ್ತವೆ. ಮಿತಿ ಮೀರಿದಾಗ ಬರುವ 24ನೆಯ ದೋಷವನ್ನು ನಿಮ್ಮ `pass` ನುಂಗಿಹಾಕುತ್ತದೆ, ತಟ್ಟಿಯೇ ನೋಡದ ಬಾಗಿಲು ಪಟ್ಟಿಯಿಂದ ಮಾಯವಾಗುತ್ತದೆ. ನೂರು ಥ್ರೆಡ್ಡು ಸಾಕು.

ಹತ್ತಿರದ ಸೊಸೈಟಿಯೊಂದರ ಸರ್ವರನ್ನು ಸ್ಕ್ಯಾನ್ ಮಾಡಿದ ಭಾಗವನ್ನಂತೂ ಪೂರ್ತಿ ತೆಗೆಯಿರಿ. ಯಜಮಾನರ ಅನುಮತಿಯಿಲ್ಲದೆ ಹೀಗೆ ಮಾಡಬಾರದು, ಮಾಡಿದ್ದನ್ನು ನಾನು ಅಚ್ಚು ಹಾಕುವುದೂ ಇಲ್ಲ. ಹೊರಗಿನ ಯಂತ್ರವೇ ಬೇಕಿದ್ದರೆ ಎನ್‌ಮ್ಯಾಪ್ ಯೋಜನೆಯವರು ಅಭ್ಯಾಸಕ್ಕೆಂದೇ ಇಟ್ಟಿರುವ `scanme.nmap.org` ಇದೆ. ಅದನ್ನೂ ಮಿತವಾಗಿ ಬಳಸಿ.

ಮನೆಯ ಆ ಕಂಪ್ಯೂಟರಿನ ಮೇಲೆ ಇದೇ ಪರೀಕ್ಷೆಯನ್ನು ಮಾಡಿ, ಫೈರ್‌ವಾಲಿಗೆ ಮುಂಚಿನ ಮತ್ತು ನಂತರದ ಸಂಖ್ಯೆಗಳನ್ನು ಸಮಯದೊಂದಿಗೆ ಬರೆದುಕೊಳ್ಳಿ, ಹದಿನೇಳು ನಿಮಿಷದ ಆ ಪ್ರಸಂಗದಿಂದಲೇ ಲೇಖನವನ್ನು ಆರಂಭಿಸಿ ನನಗೆ ಮತ್ತೆ ಕಳಿಸಿ. ಕೋಡಿನ ಫೋಟೋ ಬೇಡ, ಅಕ್ಷರದಲ್ಲೇ ಇರಲಿ.

ನಿಮ್ಮ ವಿಶ್ವಾಸಿ,
ಸಂಪಾದಕ