ಹತ್ತು ವರ್ಷದ ಗ್ಯಾಪ್ ಮತ್ತು ರಿಟರ್ನ್‌ಶಿಪ್ ಅರ್ಜಿ

ಓದುಗರ ಪತ್ರ: "2009ರಿಂದ 2015ರವರೆಗೆ ಬೆಂಗಳೂರಿನ ಒಂದು ಐಟಿ ಕಂಪನಿಯಲ್ಲಿ ಟೆಸ್ಟರ್ ಆಗಿದ್ದೆ. ಮಗು ಆದ ಮೇಲೆ ಕೆಲಸ ಬಿಟ್ಟು ಸಾಗರದ ಹತ್ತಿರ ಗಂಡನ ಊರಿಗೆ ಬಂದೆ. ಅಡಿಕೆ ತೋಟದ ಲೆಕ್ಕ ಈಗ ನಾನೇ ನೋಡೋದು. ಬೆಂಗಳೂರಿನ ಕಂಪನಿಯೊಂದರ ರಿಟರ್ನ್‌ಶಿಪ್‌ಗೆ ಅರ್ಜಿ ಹಾಕೋಣ ಅಂತಿದ್ದೀನಿ. ಇಷ್ಟು ದೊಡ್ಡ ಗ್ಯಾಪನ್ನು ರೆಸ್ಯೂಮೆಯಲ್ಲಿ ಹೇಗೆ ಮುಚ್ಚೋದು? 'ಫ್ರೀಲಾನ್ಸ್ ಕನ್ಸಲ್ಟೆಂಟ್' ಅಂತ ಹಾಕು ಅಂತಾಳೆ ಸ್ನೇಹಿತೆ." – ಒಬ್ಬ ಓದುಗಾರ್ತಿ, ಸಾಗರ ತಾಲ್ಲೂಕು

ಸಂಪಾದಕರ ಉತ್ತರ:

ಮುಚ್ಚಲೇಬೇಡಿ. ನೀವು ಅರ್ಜಿ ಹಾಕ್ತಿರೋದು, ಗ್ಯಾಪ್ ಇರೋರು ಕೆಲವು ತಿಂಗಳು ಕೆಲಸ ಮಾಡಿ ಮತ್ತೆ ಉದ್ಯೋಗಕ್ಕೆ ಮರಳಲಿ ಅಂತಲೇ ಮಾಡಿದ ದಾರಿಗೆ. 2008ರಲ್ಲಿ ಅಮೆರಿಕದ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕು ರಿಟರ್ನ್‌ಶಿಪ್ ಅನ್ನೋ ಹೆಸರಲ್ಲಿ ಇದನ್ನು ಶುರು ಮಾಡಿತು. ಅದೇ ವರ್ಷ ನಮ್ಮಲ್ಲಿ ಟಾಟಾ ಸಮೂಹವೂ ಇಂಥದ್ದೊಂದು ಕಾರ್ಯಕ್ರಮ ತಂದಿತು. ಈಗ ದೊಡ್ಡ ಐಟಿ ಕಂಪನಿಗಳು ಹಲವು ನಡೆಸುತ್ತವೆ. ಕೆಲಸದಿಂದ ದೂರ ಇದ್ದು ಕನಿಷ್ಠ ಒಂದೋ ಎರಡೋ ವರ್ಷ ಆಗಿರಬೇಕು ಅನ್ನೋದು ಸಾಮಾನ್ಯ ಷರತ್ತು. ಅದರ ಜೊತೆಗೆ, ಕೆಲಸ ಬಿಡುವ ಮೊದಲು ಇಷ್ಟು ವರ್ಷ ಅನುಭವ ಇರಬೇಕು ಅಂತಲೂ ಕೇಳುತ್ತಾರೆ. ಗ್ಯಾಪ್ ಇಷ್ಟು ವರ್ಷಕ್ಕಿಂತ ಜಾಸ್ತಿ ಇರಬಾರದು ಅಂತ ಕೆಲವು ಕಂಪನಿಗಳು ಮೇಲ್ಮಿತಿ ಇಡುವುದೂ ಉಂಟು. ನಿಮ್ಮದು ಹತ್ತು ವರ್ಷ ಆದ್ದರಿಂದ ಮೊದಲು ಅದನ್ನೇ ಓದಿಕೊಳ್ಳಿ.

ಈಗ ಆ 'ಫ್ರೀಲಾನ್ಸ್' ಸಲಹೆ. ಹಾಗೆ ಬರೆದರೆ ನಿಮಗೆ ಗ್ಯಾಪೇ ಇಲ್ಲ ಅಂತಾಯಿತಲ್ಲ, ಅರ್ಜಿ ಅಲ್ಲಿಗೇ ಬಿದ್ದುಹೋಗಬಹುದು. ಬೀಳದಿದ್ದರೂ ಆಫರ್ ಹೊತ್ತಿಗೆ ಹಳೆಯ ಕೆಲಸದ ತಪಾಸಣೆ ನಡೆಯುತ್ತದೆ. ಯಾರಿಗೆ ಕೆಲಸ ಮಾಡಿಕೊಟ್ಟಿರಿ, ಇನ್‌ವಾಯ್ಸ್ ಎಲ್ಲಿ, ಬ್ಯಾಂಕಿಗೆ ದುಡ್ಡು ಬಂದ ದಾಖಲೆ ಎಲ್ಲಿ ಅಂತ ಕೇಳ್ತಾರೆ. ಆಗ ಏನು ತೋರಿಸ್ತೀರಿ?

ತಪಾಸಣೆಯ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ಗ್ಯಾಪ್ ಬಗ್ಗೆ ಹೆದರುವವರು ತುಂಬ ಜನ. ಪಿಎಫ್ ಖಾತೆ ತೆರೆದು ನೋಡುವವರು ಕಮ್ಮಿ. ನೀವು ಕೆಲಸ ಬಿಟ್ಟಿದ್ದು 2015ರಲ್ಲಿ, ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ ಯುಎಎನ್ ಬಂದಿದ್ದು 2014ರಲ್ಲಿ. ಹಾಗಾಗಿ ನಿಮಗೂ ಒಂದು ಇರಲೇಬೇಕು. ಹಳೆಯ ಸಂಬಳದ ಚೀಟಿಯಲ್ಲಿ ಹುಡುಕಿ. ಇಪಿಎಫ್‌ಒ ಸದಸ್ಯರ ಪೋರ್ಟಲ್‌ಗೆ ಹೋಗಿ Service History ತೆರೆಯಿರಿ. ಸೇರಿದ ದಿನ, ಬಿಟ್ಟ ದಿನ ಎರಡೂ ಇರಬೇಕು. ತಪಾಸಣೆ ಮಾಡುವವರು ನೋಡುವುದು ಇದನ್ನೇ. ಬಿಟ್ಟ ದಿನ ಖಾಲಿ ಇದ್ದರೆ ದಾಖಲೆಯ ಪ್ರಕಾರ ನೀವಿನ್ನೂ ಆ ಕಂಪನಿಯಲ್ಲೇ ಇದ್ದೀರಿ!

ಇದಕ್ಕೆ ಹಳೆಯ ಕಂಪನಿಯ ಬಾಗಿಲು ತಟ್ಟಬೇಕಿಲ್ಲ. ಅದೇ ಪೋರ್ಟಲ್‌ನಲ್ಲಿ Mark Exit ಅಂತ ಇದೆ. ಆಧಾರ್ ಜೊತೆಗಿರುವ ಮೊಬೈಲಿಗೆ ಓಟಿಪಿ ಬರುತ್ತದೆ, ನೀವೇ ದಿನಾಂಕ ಹಾಕಬಹುದು. ಅದು ಕೊನೆಯ ಪಿಎಫ್ ಕಂತು ಬಿದ್ದ ತಿಂಗಳಿನೊಳಗೇ ಇರಬೇಕು. ಒಮ್ಮೆ ಹಾಕಿದರೆ ಸುಲಭಕ್ಕೆ ತಿದ್ದಲಾಗದು, ಆದ್ದರಿಂದ ರಿಲೀವಿಂಗ್ ಲೆಟರ್ ಪಕ್ಕದಲ್ಲಿಟ್ಟುಕೊಂಡು ಹಾಕಿ. ನಮ್ಮ ಹೆಣ್ಣುಮಕ್ಕಳಿಗೆ ಇನ್ನೊಂದು ತೊಡಕು ಹೆಸರಿನದ್ದು. ಪಿಎಫ್‌ನಲ್ಲಿ ಅಪ್ಪನ ಇನಿಶಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ಹೊಂದದಿದ್ದರೆ ಸರಿಪಡಿಸಲು ಸಮಯ ಹಿಡಿಯುತ್ತದೆ, ಕೆಲವು ಸಲ ಹಳೆಯ ಕಂಪನಿಯ ಒಪ್ಪಿಗೆಯೂ ಬೇಕಾಗುತ್ತದೆ. ಆಫರ್ ಬಂದ ಮೇಲೆ ಓಡಾಡುವ ಬದಲು ಇವತ್ತೇ ಶುರು ಮಾಡಿ. ಮದುವೆ ನೋಂದಣಿ ಪತ್ರದ ಪ್ರತಿಯೂ ಕೈಯಲ್ಲಿರಲಿ.

ಇನ್ನು ರೆಸ್ಯೂಮೆ. ಗ್ಯಾಪನ್ನು ಹಳೆಯ ಕೆಲಸಗಳ ಸಾಲಿನಲ್ಲೇ, ಮೇಲೆ, ಇಸವಿ ಸಮೇತ ಒಂದೇ ಸಾಲಿನಲ್ಲಿ ಹಾಕಿ: "2015ರಿಂದ ಈವರೆಗೆ: ಮಗುವಿನ ಪಾಲನೆಗಾಗಿ ಬಿಡುವು, ಜೊತೆಗೆ ಮನೆಯ ಅಡಿಕೆ ತೋಟದ ಲೆಕ್ಕಪತ್ರ ನಿರ್ವಹಣೆ." ಇಷ್ಟು ಸಾಕು. ಕೊಯ್ಲು, ಸುಲಿತ, ಆಳಿನ ಲೆಕ್ಕ, ಮಂಡಿಯ ಪಟ್ಟಿ ಎಲ್ಲ ಸೇರಿಸಿ ಆರು ಸಾಲು ಮಾಡಬೇಡಿ. 'ಮನೆಯ ಸಿಇಒ' ಅನ್ನೋ ಥರದ್ದಂತೂ ಬೇಡವೇ ಬೇಡ. ಟೆಸ್ಟರ್ ಬೇಕಾದವರು ಹುಡುಕುವುದು ಟೆಸ್ಟಿಂಗ್ ಕೆಲಸವನ್ನು.

ನಿಮ್ಮ ನಿಜವಾದ ಸಮಸ್ಯೆ ಇರೋದೂ ಅಲ್ಲೇ. 2015ರ ರೆಸ್ಯೂಮೆಯಲ್ಲಿರುವ ಮ್ಯಾನುಯಲ್ ಟೆಸ್ಟಿಂಗ್, ಕ್ವಾಲಿಟಿ ಸೆಂಟರ್, ಕ್ಯೂಟಿಪಿ ಇವುಗಳಿಂದಷ್ಟೇ ಇವತ್ತು ಕೆಲಸ ಆಗುವುದಿಲ್ಲ. ಸೆಲೆನಿಯಂ ಅಥವಾ ಪ್ಲೇರೈಟ್‌ನಲ್ಲಿ ಆಟೊಮೇಷನ್, ಪೋಸ್ಟ್‌ಮನ್‌ನಲ್ಲಿ ಎಪಿಐ ಟೆಸ್ಟಿಂಗ್, ಗಿಟ್ ಬಳಕೆ ಕೇಳುತ್ತಾರೆ. ಎಲ್ಲಕ್ಕೂ ಕೋರ್ಸ್ ಮಾಡಿ ಸರ್ಟಿಫಿಕೇಟ್ ಪೇರಿಸುವುದಕ್ಕಿಂತ ಒಂದು ಸಣ್ಣ ಕೆಲಸ ಪೂರ್ತಿ ಮಾಡಿ ತೋರಿಸುವುದು ಮೇಲು ಅನ್ನೋದು ನನ್ನ ಅಭಿಪ್ರಾಯ.

ಟೆಸ್ಟರ್‌ಗಳ ಅಭ್ಯಾಸಕ್ಕಾಗಿಯೇ saucedemo.com ಅಂತ ಒಂದು ನಕಲಿ ಅಂಗಡಿ ಇದೆ. standard_user ಹೆಸರಲ್ಲಿ ಒಳಗೆ ಹೋದರೆ ಎಲ್ಲ ಸರಿ ಇರುತ್ತದೆ. locked_out_user ಹೆಸರಲ್ಲಿ ಹೋದರೆ ಒಳಗೆ ಬಿಡುವುದಿಲ್ಲ. problem_user ಹೆಸರಲ್ಲಿ ಹೋದರೆ ಒಳಗೇನೋ ಬಿಡುತ್ತದೆ, ಆದರೆ ಬ್ಯಾಗು, ಅಂಗಿ ಎಲ್ಲದರ ಜಾಗದಲ್ಲೂ ಒಂದೇ ನಾಯಿಯ ಚಿತ್ರ! ಈ ಮೂರು ಹೆಸರಿಗೂ ಲಾಗಿನ್ ಟೆಸ್ಟ್ ಬರೆಯಿರಿ. ಆಮೇಲೆ ಕಾರ್ಟಿಗೆ ಸಾಮಾನು ಹಾಕುವುದು, ತೆಗೆಯುವುದು, ಬೆಲೆಯ ಪ್ರಕಾರ ಜೋಡಿಸುವುದು. ಹತ್ತು ಹನ್ನೆರಡು ಟೆಸ್ಟ್ ಆದರೆ ಬೇಕಾದಷ್ಟಾಯಿತು. ಚಿತ್ರದ ದೋಷಕ್ಕೆ ನೀವು ಆಗ ಬರೆಯುತ್ತಿದ್ದ ಹಾಗೆಯೇ ಒಂದು ಬಗ್ ರಿಪೋರ್ಟ್ ಬರೆಯಿರಿ: ಏನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು. ಎಲ್ಲವನ್ನೂ ಗಿಟ್‌ಹಬ್‌ಗೆ ಹಾಕಿ ಅದರ ಲಿಂಕನ್ನು ರೆಸ್ಯೂಮೆಯ ಮೇಲ್ಭಾಗದಲ್ಲೇ ಕೊಡಿ. ಒಂದೇ ದಿನ ಎಲ್ಲ ಸುರಿಯಬೇಡಿ. ಮಾಡಿದ್ದನ್ನು ಆಗಾಗ ಸೇರಿಸುತ್ತ ಹೋದರೆ ಕಳೆದ ಒಂದೆರಡು ತಿಂಗಳಿಂದ ಕೆಲಸ ನಡೆದಿದೆ ಅನ್ನೋದು ಅಲ್ಲಿರುವ ತಾರೀಕುಗಳಲ್ಲೇ ಕಾಣುತ್ತದೆ. ಸಂದರ್ಶನದಲ್ಲಿ ಪ್ರತಿ ಸಾಲಿನ ಬಗ್ಗೆಯೂ ಕೇಳಬಹುದು. ಬೇರೆಯವರ ಕೋಡ್ ಎತ್ತಿ ಹಾಕಿದವರು ಸಿಕ್ಕಿಬೀಳುವುದು ಅಲ್ಲೇ.

ಯಾಕೆ ಬಿಟ್ಟಿರಿ ಅಂತ ಕೇಳಿದರೆ ಎರಡು ವಾಕ್ಯದಲ್ಲಿ ಮುಗಿಸಿ. ಮಗು ಚಿಕ್ಕದಿತ್ತು, ಈಗ ಶಾಲೆಗೆ ಹೋಗುತ್ತದೆ. ಆಮೇಲೆ ಮಾತನ್ನು ನಿಮ್ಮ ಟೆಸ್ಟ್‌ಗಳ ಕಡೆ ತಿರುಗಿಸಿ.

ಆನ್‌ಲೈನ್ ಪರೀಕ್ಷೆಗೆ ಗಡಿಯಾರ ಕಟ್ಟಿರುತ್ತಾರೆ. ಸಾಗರದ ಮಳೆಗಾಲ ನಿಮಗೆ ಹೇಳಬೇಕೇ? ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟೂ ಇಲ್ಲ, ಸ್ವಲ್ಪ ಹೊತ್ತಿಗೆ ಟವರೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ದಿನ ಕೊಟ್ಟರೆ ಹಿಂದಿನ ದಿನವೇ ಶಿವಮೊಗ್ಗದಲ್ಲಿ ನೆಂಟರ ಮನೆಗೆ ಹೋಗಿಬಿಡಿ.

ಅರ್ಜಿಗೋ ತರಬೇತಿಗೋ ಇಷ್ಟು ಕಟ್ಟಿ ಅಂತ ಯಾರಾದರೂ ಕೇಳಿದರೆ ಅಲ್ಲಿಗೇ ಬಿಡಿ. ರಿಟರ್ನ್‌ಶಿಪ್‌ನಲ್ಲಿ ದುಡ್ಡು ಕೊಡಬೇಕಾದವರು ಅವರು.

ಕೊನೆಯದು ಆಫರ್ ಲೆಟರ್. ಇದು ಕಾಯಂ ಕೆಲಸ ಅಲ್ಲ. ಮೂರರಿಂದ ಆರು ತಿಂಗಳ ಅವಧಿಯದ್ದು ಜಾಸ್ತಿ. ಮುಗಿದ ಮೇಲೆ ಕಾಯಂ ಮಾಡಲೂಬಹುದು, ಮಾಡದೆಯೂ ಇರಬಹುದು. ಕೊಡುವುದು ಸ್ಟೈಪೆಂಡೋ ಸಂಬಳವೋ, ಪಿಎಫ್ ಉಂಟೋ, ಕಾಯಂ ಮಾಡುವ ತೀರ್ಮಾನ ಯಾವ ವಾರದಲ್ಲಿ ಆಗುತ್ತದೆ, ಕಳೆದ ತಂಡದಲ್ಲಿ ಎಷ್ಟು ಜನರನ್ನು ಉಳಿಸಿಕೊಂಡರು, ಇಷ್ಟನ್ನು ಎಚ್‌ಆರ್ ಹತ್ತಿರ ಕೇಳಿ. ಕೇಳಿದರೆ ತಪ್ಪು ತಿಳಿಯುವುದಿಲ್ಲ. ನಿಮ್ಮ ಮಟ್ಟಿಗೆ ಇವಕ್ಕಿಂತ ದೊಡ್ಡ ಪ್ರಶ್ನೆ, ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು ಅನ್ನೋದು. 'ಹೈಬ್ರಿಡ್' ಅಂತ ಬರೆದು ವಾರಕ್ಕೆ ಮೂರು ದಿನ ಕರೆದರೆ ತಾಳಗುಪ್ಪದ ರಾತ್ರಿ ರೈಲು ನಂಬಿ ನಡೆಯುವ ಮಾತಲ್ಲ. ಬೆಂಗಳೂರಿನಲ್ಲಿ ಪಿಜಿ ನೋಡಬೇಕು, ಮಗುವನ್ನು ಮನೆಯವರು ನೋಡಿಕೊಳ್ಳಬೇಕು, ಪಿಜಿ ಬಾಡಿಗೆ ಕಳೆದು ಸ್ಟೈಪೆಂಡ್‌ನಲ್ಲಿ ಏನು ಉಳಿಯುತ್ತದೆ ಅಂತ ಲೆಕ್ಕ ಹಾಕಬೇಕು. ತೋಟದ ಲೆಕ್ಕ ನೋಡುವವರಿಗೆ ಅದು ಕಷ್ಟವಲ್ಲ. ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ. ಆಫೀಸಿನ ದಿನಗಳನ್ನು ಈಮೇಲ್‌ನಲ್ಲಿ ಬರೆಸಿಕೊಂಡ ಮೇಲೇ ಸಹಿ ಹಾಕಿ.