‘ಯಾವಾಗಲೂ’, ‘ಎಂದಿಗೂ’ ಇರುವ ಹೇಳಿಕೆ ಬಹುತೇಕ ತಪ್ಪೇ ಆಗುವುದು ಯಾಕೆ?

ಪ್ರಶ್ನೆ: ಸರಿ–ತಪ್ಪು ಗುರುತಿಸಿ ಅನ್ನೋ ಪ್ರಶ್ನೆಗಳಲ್ಲಿ ‘ಯಾವಾಗಲೂ’, ‘ಎಂದಿಗೂ’, ‘ಎಲ್ಲಾ’ ಅಂತ ಕಂಡ್ರೆ ಕಣ್ಮುಚ್ಚಿ ತಪ್ಪು ಅಂತ ಹಾಕು ಅಂತಾರೆ ಕೋಚಿಂಗ್‌ನಲ್ಲಿ. ಇದಕ್ಕೆ ನಿಜವಾಗ್ಲೂ ಕಾರಣ ಇದೆಯಾ, ಇಲ್ಲಾ ಸುಮ್ನೆ ಒಂದು ಟ್ರಿಕ್ಕಾ?

ಕಾರಣ ಇದೆ, ಅದೂ ಎರಡು. ಒಂದು ಹೇಳಿಕೆಯ ಒಳಗೇ ಇದೆ. ಇನ್ನೊಂದು ಪ್ರಶ್ನೆಪತ್ರಿಕೆ ಬರೆಯುವವರ ಅಭ್ಯಾಸದಲ್ಲಿದೆ. ಆದರೆ ‘ಕಣ್ಮುಚ್ಚಿ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು. ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸವೂ ಆಗಾಗ ತಲೆಗೆ ಬೀಳುತ್ತದೆ. ಹಾಗಾಗಿ ನನ್ನ ಪಾಠದ ಸಸ್ತನಿಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಈ ಎರಡು ಸಾಲು ನೋಡಿ.

‘ಸಸ್ತನಿಗಳು ಸಾಮಾನ್ಯವಾಗಿ ಮರಿ ಹಾಕುತ್ತವೆ.’
‘ಎಲ್ಲ ಸಸ್ತನಿಗಳೂ ಮರಿ ಹಾಕುತ್ತವೆ.’

ಮೊದಲನೆಯದನ್ನು ಕೆಡವುವುದು ಕಷ್ಟ. ಮೊಟ್ಟೆ ಇಡುವ ಒಂದೆರಡು ಸಸ್ತನಿಗಳನ್ನು ತಂದು ನಿಲ್ಲಿಸಿದರೂ ‘ಸಾಮಾನ್ಯವಾಗಿ ಅಂತ ತಾನೆ ಹೇಳಿದ್ದು’ ಅಂತ ಅದು ಪಾರಾಗುತ್ತದೆ. ಎರಡನೆಯದಕ್ಕೆ ಆ ದಾರಿಯೇ ಇಲ್ಲ. ದನ, ನಾಯಿ, ಆನೆ, ತಿಮಿಂಗಿಲ, ಇಲಿ ಎಲ್ಲವೂ ಅದರ ಪರ ಸಾಕ್ಷಿ ಹೇಳಿದರೂ ಅದು ಗೆದ್ದಂತಲ್ಲ. ವಿರುದ್ಧವಾಗಿ ಒಂದೇ ಒಂದು ಪ್ರಾಣಿ ಸಿಕ್ಕರೆ ಆಟ ಮುಗಿಯಿತು. ಆ ಪ್ರಾಣಿ ಇದೆ: ಆಸ್ಟ್ರೇಲಿಯಾದ ಪ್ಲಾಟಿಪಸ್. ಅದರ ಜೊತೆಗೆ ಎಕಿಡ್ನಾ ಎಂಬ ಮುಳ್ಳುಮೈಯ ಪ್ರಾಣಿಯ ಎಲ್ಲ ಜಾತಿಗಳೂ ಇವೆ. ಇವು ಮೊಟ್ಟೆ ಇಡುತ್ತವೆ, ಮೊಟ್ಟೆಯೊಡೆದು ಬಂದ ಮರಿಗೆ ಹಾಲು ಕೊಡುತ್ತವೆ. ಸಸ್ತನಿಗಳು ಸಾವಿರಾರು ಜಾತಿ ಇವೆ, ಮೊಟ್ಟೆ ಇಡುವವು ಬೆರಳೆಣಿಕೆಯಷ್ಟು. ಆದರೂ ‘ಎಲ್ಲ’ ಬಿದ್ದುಹೋಯಿತು.

ಹೇಳಿಕೆಯ ಒಳಗಿನ ಕಾರಣ ಅಂದೆನಲ್ಲ, ಅದು ಇದೇ. ‘ಎಲ್ಲ’ ಅಂದ ಕೂಡಲೇ ಹೇಳಿಕೆ ತನಗೆ ಗೊತ್ತಿಲ್ಲದ ಜಾಗಗಳ ಬಗ್ಗೆಯೂ ಮಾತು ಕೊಟ್ಟುಬಿಡುತ್ತದೆ. ‘ಕೆಲವು’ ಅನ್ನುವುದು ಇದಕ್ಕೆ ಪೂರ್ತಿ ಉಲ್ಟಾ. ‘ಕೆಲವು ಸಸ್ತನಿಗಳು ಮೊಟ್ಟೆ ಇಡುತ್ತವೆ’ ಅನ್ನುವುದು ಸರಿಯಾಗಲು ಆ ಬೆರಳೆಣಿಕೆಯೇ ಸಾಕು. ‘ಎಲ್ಲ’ ಬೀಳಲು ಒಂದು ಉದಾಹರಣೆ ಸಾಕು, ‘ಕೆಲವು’ ನಿಲ್ಲಲೂ ಹೆಚ್ಚು ಬೇಕಿಲ್ಲ. ‘ಎಂದಿಗೂ ಇಲ್ಲ’, ‘ಯಾವುದೂ ಅಲ್ಲ’ ಅನ್ನುವವು ಕೂಡ ‘ಎಲ್ಲ’ದ ಗುಂಪಿಗೇ ಸೇರಿದವು. ‘ಯಾವ ಸಸ್ತನಿಯೂ ಹಾರಲಾರದು’ ಅಂದರೆ ಬಾವಲಿ ಒಂದೇ ಅದನ್ನು ಮುಗಿಸುತ್ತದೆ.

ಇದು ಬರೀ ಪರೀಕ್ಷೆಯ ಕಸರತ್ತು ಅಂದುಕೊಳ್ಳಬೇಡಿ. ವಿಜ್ಞಾನಿಗಳೇ ಈ ‘ಎಲ್ಲ’ದ ಮೇಲೆ ದಶಕಗಟ್ಟಲೆ ಜಗಳ ಆಡಿದ್ದಾರೆ. ಪ್ಲಾಟಿಪಸ್‌ನ ಒಣಗಿಸಿದ ಚರ್ಮ ನೋಡಿ ಇಂಗ್ಲೆಂಡಿನ ಜಾರ್ಜ್ ಶಾ 1799ರಲ್ಲಿ ಅದರ ವಿವರಣೆ ಬರೆದರು. ಬಾತುಕೋಳಿಯ ಕೊಕ್ಕು, ಮೈತುಂಬ ರೋಮ. ಯಾರೋ ಹೊಲಿದು ಕಳಿಸಿದ ಮೋಸ ಇರಬಹುದು ಎಂಬ ಅನುಮಾನ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ 1824ರಲ್ಲಿ ಜರ್ಮನಿಯ ಮೆಕೆಲ್ ಅದಕ್ಕೆ ಹಾಲಿನ ಗ್ರಂಥಿ ಇದೆ ಎಂದು ತೋರಿಸಿದರು. ಜಗಳ ಜೋರಾದದ್ದು ಇಲ್ಲೇ. ಹಾಲು ಕೊಡುತ್ತದೆ ಅಂದರೆ ಸಸ್ತನಿ, ಸಸ್ತನಿ ಅಂದಮೇಲೆ ಮೊಟ್ಟೆ ಇಡಲು ಸಾಧ್ಯವಿಲ್ಲ ಅಂತ ಒಂದು ಗುಂಪು. ಮೊಟ್ಟೆ ಇಡುವ ಲಕ್ಷಣ ಇದೆ, ಹಾಗಾದರೆ ಇದು ಸಸ್ತನಿಯೇ ಅಲ್ಲ ಅಂತ ಇನ್ನೊಂದು ಗುಂಪು. ಎರಡೂ ಕಡೆಯವರು ‘ಎಲ್ಲ ಸಸ್ತನಿಗಳೂ ಮರಿ ಹಾಕುತ್ತವೆ’ ಅನ್ನುವುದನ್ನು ಕೈಬಿಡಲು ತಯಾರಿರಲಿಲ್ಲ, ಗಮನಿಸಿದಿರಾ? ಕೊನೆಗೆ 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ ಎಂಬ ಯುವ ವಿಜ್ಞಾನಿ ಆಸ್ಟ್ರೇಲಿಯಾಕ್ಕೇ ಹೋಗಿ, ಅಲ್ಲಿನ ಮೂಲನಿವಾಸಿಗಳ ಸಹಾಯದಿಂದ ಹುಡುಕಿ, ಇವು ಮೊಟ್ಟೆ ಇಡುತ್ತವೆ ಎಂದು ಖಚಿತಪಡಿಸಿಕೊಂಡು ತಂತಿ ಕಳಿಸಿದರು. ಶಾ ಬರೆದ 85 ವರ್ಷಕ್ಕೆ ಒಂದು ‘ಎಲ್ಲ’ ಹೋಗಿ ‘ಬಹುತೇಕ’ ಬಂತು.

ಈಗ ಎರಡನೇ ಕಾರಣ, ಪ್ರಶ್ನೆಪತ್ರಿಕೆ ಬರೆಯುವವರ ಅಭ್ಯಾಸ. ಇದನ್ನು ಒಳಗಿನವನಾಗಿ ಹೇಳುತ್ತಿದ್ದೇನೆ. ಸರಿ–ತಪ್ಪು ಪ್ರಶ್ನೆ ಬರೆಯುವಾಗ ಸರಿ ಹೇಳಿಕೆ ತಲೆನೋವಲ್ಲ. ಪಠ್ಯಪುಸ್ತಕದ ಒಂದು ಸಾಲು ಎತ್ತಿಕೊಂಡು ಸ್ವಲ್ಪ ಪದ ಬದಲಿಸಿದರೆ ಆಯಿತು. ಕಷ್ಟ ಇರುವುದು ತಪ್ಪು ಹೇಳಿಕೆಯಲ್ಲಿ. ಅದು ಖಚಿತವಾಗಿ ತಪ್ಪಾಗಿರಬೇಕು, ಆದರೆ ನೋಡಿದ ಕೂಡಲೇ ಗೊತ್ತಾಗಬಾರದು. ‘ಆನೆ ಮೊಟ್ಟೆ ಇಡುತ್ತದೆ’ ಅಂತ ಬರೆದರೆ ಮಕ್ಕಳು ನಗುತ್ತಾರೆ. ಹೆಸರನ್ನೋ ಇಸವಿಯನ್ನೋ ಬದಲಿಸಿದರೆ ಬರೀ ಬಾಯಿಪಾಠದ ಪರೀಕ್ಷೆ ಆಗುತ್ತದೆ. ರಾತ್ರಿ ಹನ್ನೊಂದು ಗಂಟೆಗೆ, ನಾಳೆ ಪತ್ರಿಕೆ ಕೊಡಬೇಕು ಅನ್ನುವಾಗ, ಎಲ್ಲಕ್ಕಿಂತ ಸಲೀಸಾದ ದಾರಿ ಅಂದರೆ ಪುಸ್ತಕದ ಸಾಲಿನಿಂದ ‘ಸಾಮಾನ್ಯವಾಗಿ’ ತೆಗೆದು ಅಲ್ಲಿ ‘ಯಾವಾಗಲೂ’ ಕೂರಿಸುವುದು. ಉಳಿದ ಪದ ಯಾವುದೂ ಬದಲಾಗುವುದಿಲ್ಲ. ಪುಸ್ತಕ ಚೆನ್ನಾಗಿ ಓದಿದವನಿಗೂ ಸಾಲು ಪರಿಚಿತ ಅನಿಸುತ್ತದೆ, ಅದೇ ಗುಂಗಿನಲ್ಲಿ ‘ಸರಿ’ ಅಂತ ಹಾಕಿಬಿಡುತ್ತಾನೆ. ಇನ್ನು ಸರಿ ಹೇಳಿಕೆ ಬರೆಯುವಾಗ ನಾವು ಇದರ ಉಲ್ಟಾ ಮಾಡುತ್ತೇವೆ. ಯಾರೂ ಆಮೇಲೆ ಆಕ್ಷೇಪಣೆ ತರಬಾರದು ನೋಡಿ, ಅದಕ್ಕೆ ‘ಸಾಮಾನ್ಯವಾಗಿ’, ‘ಹೆಚ್ಚಿನ’, ‘ಬಹುದು’ ಅಂತ ಸೇರಿಸಿ ಬೇಲಿ ಹಾಕುತ್ತೇವೆ. ಹೀಗೆ ಗಟ್ಟಿ ಪದ ತಪ್ಪಿನ ಕಡೆಗೂ ಮೆತ್ತನೆ ಪದ ಸರಿಯ ಕಡೆಗೂ ತಾನಾಗಿಯೇ ಸೇರಿಕೊಳ್ಳುತ್ತದೆ. ನಿಮ್ಮ ಕೋಚಿಂಗ್‌ನವರು ಹಿಡಿದಿರುವುದು ಈ ಜಾಡನ್ನೇ.

ತೊಂದರೆ ಏನೆಂದರೆ, ಈ ಜಾಡು ಪತ್ರಿಕೆ ಬರೆಯುವವರಿಗೂ ಗೊತ್ತು. ಸ್ವಲ್ಪ ಅನುಭವ ಇರುವವರು ಬೇಕೆಂದೇ ‘ಎಲ್ಲ’ ಇರುವ ಸರಿ ಹೇಳಿಕೆ ಹಾಕುತ್ತಾರೆ. ‘ಎಲ್ಲ ಸಸ್ತನಿಗಳೂ ಮರಿಗಳಿಗೆ ಹಾಲು ಉಣಿಸುತ್ತವೆ.’ ಇದು ಸರಿ. ಪ್ಲಾಟಿಪಸ್ ನೆನಪಾಗಿ ಕೈ ತಪ್ಪಿನ ಕಡೆ ಹೋದರೆ ಅಂಕ ಹೋಯಿತು. ಪ್ಲಾಟಿಪಸ್‌ಗೆ ಮೊಲೆತೊಟ್ಟು ಇಲ್ಲ ನಿಜ, ಆದರೆ ಹೊಟ್ಟೆಯ ಚರ್ಮದಿಂದ ಹಾಲು ಜಿನುಗುತ್ತದೆ, ಮರಿ ಅದನ್ನೇ ನೆಕ್ಕುತ್ತದೆ. ಮೊಟ್ಟೆಯ ‘ಎಲ್ಲ’ ಬಿದ್ದು ಹಾಲಿನ ‘ಎಲ್ಲ’ ನಿಂತದ್ದು ಯಾಕೆ? ಹಾಲು ಕೊಡುವುದು ಸಸ್ತನಿ ಎಂಬ ಗುಂಪಿನ ಗುರುತೇ ಆಗಿದೆ. ಹಾಲು ಇಲ್ಲದ ಪ್ರಾಣಿ ಸಿಕ್ಕರೆ ಅದನ್ನು ಈ ಗುಂಪಿಗೇ ಸೇರಿಸುವುದಿಲ್ಲ. ಮರಿ ಹಾಕುವುದು ಹಾಗಲ್ಲ. ಅದು ಗುಂಪಿನ ಬಹಳಷ್ಟು ಪ್ರಾಣಿಗಳಲ್ಲಿ ಕಂಡದ್ದು, ಅಷ್ಟೇ.

ನಾನು ಮೊದಲು ನೋಡುವುದು ಇದನ್ನೇ. ಹೇಳಿಕೆ ಒಂದು ವ್ಯಾಖ್ಯೆಯಿಂದ ಬಂದಿದೆಯಾ, ಇಲ್ಲಾ ಯಾರೋ ನೋಡಿ ಎಣಿಸಿದ್ದರಿಂದ ಬಂದಿದೆಯಾ? ವ್ಯಾಖ್ಯೆ, ಗಣಿತದ ಸಾಧನೆ, ಕಾನೂನಿನ ನಿಯಮ, ಈ ಮೂರರಲ್ಲಿ ‘ಯಾವಾಗಲೂ’ ಮತ್ತು ‘ಮಾತ್ರ’ ಸಲೀಸಾಗಿ ಸರಿಯಾಗಬಲ್ಲವು. ‘ಎರಡು ಬೆಸ ಸಂಖ್ಯೆಗಳ ಮೊತ್ತ ಯಾವಾಗಲೂ ಸಮಸಂಖ್ಯೆ’ ಅನ್ನುವುದನ್ನು ಯಾವ ಪ್ಲಾಟಿಪಸ್ಸೂ ಕೆಡವುವುದಿಲ್ಲ. ‘ಧನ ವಿಧೇಯಕವನ್ನು ಸಂಸತ್ತಿನಲ್ಲಿ ಲೋಕಸಭೆಯಲ್ಲಿ ಮಾತ್ರ ಮಂಡಿಸಬಹುದು’ ಅನ್ನುವುದು ಸಂವಿಧಾನದ 109ನೇ ವಿಧಿಯಲ್ಲೇ ಇದೆ, ‘ಮಾತ್ರ’ ಇದ್ದರೂ ಸರಿ.

ಎಣಿಸಿ ಬಂದದ್ದು ಅನಿಸಿದರೆ ಅಂಚಿನಲ್ಲಿರುವ ಪ್ರಾಣಿಗಳನ್ನು ನೆನೆಸಿಕೊಳ್ಳಿ. ಒಂದು ಚಂದದ ಉದಾಹರಣೆ: ‘ಎಲ್ಲ ಸಸ್ತನಿಗಳ ಕುತ್ತಿಗೆಯಲ್ಲಿ 7 ಮೂಳೆಗಳಿರುತ್ತವೆ.’ ಇದನ್ನು ಓದಿದವರೆಲ್ಲ ಮೊದಲು ಜಿರಾಫೆಯನ್ನು ನೆನೆದು ‘ತಪ್ಪು’ ಅನ್ನುತ್ತಾರೆ. ಆದರೆ ಜಿರಾಫೆಗೂ 7, ಇಲಿಗೂ 7, ನಮಗೂ 7. ಜಿರಾಫೆಯ ಒಂದೊಂದು ಮೂಳೆ ಉದ್ದ, ಅಷ್ಟೇ ವ್ಯತ್ಯಾಸ. ಹಾಗಾದರೆ ಹೇಳಿಕೆ ಸರಿಯಾ? ಅದೂ ಇಲ್ಲ. ಮನಾಟಿ ಎಂಬ ನೀರಿನ ಪ್ರಾಣಿಗೆ 6 ಇವೆ, ಮರಕ್ಕೆ ಜೋತುಬೀಳುವ ಮೂರು ಬೆರಳಿನ ಸ್ಲಾತ್‌ಗೆ 8 ಅಥವಾ 9. ಉತ್ತರ ‘ತಪ್ಪು’ ಅನ್ನುವುದೇನೋ ಸರಿ, ಆದರೆ ಜಿರಾಫೆ ಅಂತ ಕಾರಣ ಬರೆದರೆ ನಾನು ಅಂಕ ಕೊಡುವುದಿಲ್ಲ.

ಅಂಚು ಹುಡುಕುವಾಗ ಪದಗಳನ್ನೂ ಜೋಪಾನವಾಗಿ ನೋಡಬೇಕು. ‘ಸಸ್ತನಿಗಳಲ್ಲಿ ಬಾವಲಿ ಮಾತ್ರ ನಿಜವಾಗಿ ಹಾರಬಲ್ಲದು’ ಅಂದರೆ ಮಲೆನಾಡಿನ ಹುಡುಗರು ತಕ್ಷಣ ಹಾರುಬೆಕ್ಕು ಅನ್ನುತ್ತಾರೆ. ಹಾರುಬೆಕ್ಕು ಅಂದರೆ ಬೆಕ್ಕಲ್ಲ, ದೊಡ್ಡ ಅಳಿಲು. ಅದು ಕಾಲುಗಳ ನಡುವಿನ ಚರ್ಮ ಬಿಡಿಸಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ, ರೆಕ್ಕೆ ಬಡಿದು ಮೇಲೇರಲಾರದು. ಆ ‘ನಿಜವಾಗಿ’ ಅನ್ನುವ ಪದ ಹೇಳಿಕೆಯನ್ನು ಉಳಿಸಿತು. ಹೀಗೆ ಒಂದು ಷರತ್ತು ಸೇರಿದರೆ ಗಟ್ಟಿ ಹೇಳಿಕೆಯೂ ಸರಿಯಾಗಬಹುದು. ‘ಯಾವಾಗಲೂ’ ಕಂಡ ತಕ್ಷಣ ನಿಲ್ಲದೆ ಸಾಲನ್ನು ಪೂರ್ತಿ ಓದಿ ಅನ್ನುವುದು ಇದಕ್ಕೇ.

ಇನ್ನೊಂದು ಜಾರುವ ಜಾಗ ಇದೆ. ‘ಎಲ್ಲ’ ತಪ್ಪಾದರೆ ‘ಯಾವುದೂ ಇಲ್ಲ’ ಸರಿ ಅಂತ ಅರ್ಥವಲ್ಲ. ‘ಎಲ್ಲ ಸಸ್ತನಿಗಳೂ ನೆಲದ ಮೇಲೆ ವಾಸಿಸುತ್ತವೆ’ ತಪ್ಪು, ‘ಯಾವ ಸಸ್ತನಿಯೂ ನೆಲದ ಮೇಲೆ ವಾಸಿಸುವುದಿಲ್ಲ’ ಅದೂ ತಪ್ಪು. ಎರಡು ಹೇಳಿಕೆ ಕೊಟ್ಟು ‘1 ಮಾತ್ರ ಸರಿ, 2 ಮಾತ್ರ ಸರಿ, ಎರಡೂ ಸರಿ, ಎರಡೂ ತಪ್ಪು’ ಅಂತ ಕೇಳುವ ಪತ್ರಿಕೆಗಳಲ್ಲಿ ಇಂಥ ಜೋಡಿ ಬರುತ್ತದೆ. ಒಂದು ತಪ್ಪಾದ ಮೇಲೆ ಇನ್ನೊಂದು ಸರಿ ಇರಲೇಬೇಕು ಅಂದುಕೊಂಡವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ಇದೇ ಜಾಗದಲ್ಲಿ ಇನ್ನೂ ಒಂದು ಗುಂಡಿ ಇದೆ. ‘ಎಲ್ಲ ಸಸ್ತನಿಗಳೂ ಮರಿ ಹಾಕುವುದಿಲ್ಲ’ ಅಂದರೆ ಏನು? ಕೆಲವು ಹಾಕುವುದಿಲ್ಲ ಅಂತಲೂ ಓದಬಹುದು, ಒಂದೂ ಹಾಕುವುದಿಲ್ಲ ಅಂತಲೂ ಓದಬಹುದು. ಮೊದಲ ಅರ್ಥದಲ್ಲಿ ಹೇಳಿಕೆ ಸರಿ, ಎರಡನೆಯ ಅರ್ಥದಲ್ಲಿ ತಪ್ಪು. ನಾನು ಪತ್ರಿಕೆ ಬರೆಯುವಾಗ ಇಂಥ ಸಾಲು ಹಾಕುವುದೇ ಇಲ್ಲ. ‘ಸಸ್ತನಿಗಳಲ್ಲಿ ಮರಿ ಹಾಕದವೂ ಇವೆ’ ಅಂತ ಬಿಡಿಸಿ ಬರೆಯುತ್ತೇನೆ. ನಿಮ್ಮ ಪತ್ರಿಕೆಯಲ್ಲಿ ಹಾಗೆ ಬಂದು, ಪಕ್ಕದಲ್ಲಿ ಇಂಗ್ಲಿಷ್ ಸಾಲೂ ಇದ್ದರೆ, ಅದನ್ನು ಒಮ್ಮೆ ಓದಿಕೊಂಡು ಆಮೇಲೆ ಗುರುತು ಹಾಕಿ. ಇಂಗ್ಲಿಷ್ ಇಲ್ಲದಿದ್ದರೆ ‘ಕೆಲವು ಹಾಕುವುದಿಲ್ಲ’ ಅಂತಲೇ ತಗೊಳ್ಳಿ. ‘ಒಂದೂ ಇಲ್ಲ’ ಅನ್ನಬೇಕಿದ್ದರೆ ಬರೆದವರು ಬಹುತೇಕ ‘ಯಾವ ಸಸ್ತನಿಯೂ’ ಅಂತಲೇ ಶುರು ಮಾಡುತ್ತಿದ್ದರು.