ಗಾಯದ ಮೇಲೆ ಬರೆ ಎಳೆಯುವ ಕೈ ನಮ್ಮದೇ ಆದಾಗ

ಹೆಸರು ಶೈಲಾ ಅಂತಿಟ್ಟುಕೊಳ್ಳೋಣ. ವಯಸ್ಸು ಮೂವತ್ತೆಂಟರ ಆಸುಪಾಸು. ಹುಟ್ಟೂರು ಗದಗದ ಕಡೆ, ಮದುವೆಯಾಗಿ ಬಂದದ್ದು ಮುಂಬೈ ಪಕ್ಕದ ಡೊಂಬಿವಲಿಗೆ. ಮುಂಬೈಯ ಫೋರ್ಟ್‌ನ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಮೊದಲ ದಿನ ಸಮಾಲೋಚನೆಗೆ ಅಂತ ನನ್ನೆದುರು ಬಂದು ಕುಳಿತವರು ತಮ್ಮ ತೊಂದರೆ ಹೇಳುವ ಮೊದಲೇ ಕ್ಷಮೆ ಕೇಳಿದರು. "ನಿಮ್ಮ ಟೈಮ್ ಹಾಳು ಮಾಡ್ತಿದೀನಿ ಮೇಡಂ. ನಂದೇನು ದೊಡ್ಡ ಸಮಸ್ಯೆ ಅಲ್ಲ. ಸುಮ್ನೆ ಅಂಜ್ತೀನಿ ಅಷ್ಟೇ." ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗಲೇ ಎದೆ ಹೊಡೆದುಕೊಳ್ಳುತ್ತದೆ. ಫಾಸ್ಟ್ ಲೋಕಲ್ ರೈಲು ಬಂದರೂ ಒಂದೆರಡನ್ನು ಬಿಡುತ್ತಾರೆ. ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸುವ ದಿನ ಒಂದೇ ಕಾಗದವನ್ನು ಐದಾರು ಸಲ ನೋಡುತ್ತಾರೆ. ರಾತ್ರಿ ಎರಡು ಗಂಟೆಗೆ ಎಚ್ಚರ. ಆತಂಕ ಅಳೆಯಲು ನಾವು ಬಳಸುವ ಜಿಎಡಿ-7 ಪ್ರಶ್ನೆಪಟ್ಟಿಯಲ್ಲಿ ಅವರಿಗೆ ಬಂದದ್ದು 21ಕ್ಕೆ 14. ಅಂದರೆ ಮಧ್ಯಮ ಮಟ್ಟ. ಥೈರಾಯ್ಡ್ ಹೆಚ್ಚಾದರೂ ರಕ್ತ ಕಡಿಮೆಯಾದರೂ ಎದೆ ಹೀಗೇ ಬಡಿಯಬಹುದು. ಹಾಗಾಗಿ ಮೊದಲು ಅವರ ಡಾಕ್ಟರ ಹತ್ತಿರ ಕಳಿಸಿದೆ. ಎರಡೂ ಸರಿ ಇದ್ದವು.

ಒಂದು ವಾರ ಸಣ್ಣ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಲು ಹೇಳಿದೆ. ಮೈಯಲ್ಲಿ ಏನಾಯ್ತು ಅನ್ನುವುದು ಒಂದು ಸಾಲು. ಆಗ ನನಗೆ ನಾನೇ ಏನು ಹೇಳಿಕೊಂಡೆ ಅನ್ನುವುದು ಇನ್ನೊಂದು. ಗಂಟೆಯನ್ನೂ ಹಾಕಬೇಕು.

ಆ ನೋಟ್‌ಬುಕ್ಕೇ ಅರ್ಧ ಕೆಲಸ ಮಾಡಿತು. ಡೊಂಬಿವಲಿಯಲ್ಲಿ ಏರಿದ ಎದೆಬಡಿತ ಬಹಳ ದಿನ ಠಾಣೆ ಬರುವಷ್ಟರಲ್ಲಿ ತಾನಾಗಿಯೇ ಇಳಿಯುತ್ತಿತ್ತು. ಅದು ಇಳಿಯುತ್ತಿದ್ದಾಗಲೇ ಬೈಗುಳ ಶುರು. "ಇಷ್ಟಕ್ಕ ಅಂಜತೀಯೇನು? ನಾಚಿಕಿ ಬರಬೇಕು ನಿನಗ. ಆ ಹುಡುಗೀರು ನೋಡು, ಹೆಂಗ್ ಆರಾಮ ನಗ್ತಾರ." ಘಾಟ್ಕೋಪರ್ ಹೊತ್ತಿಗೆ ಮತ್ತೆ ಎದೆ ಬಡಿತ. ಕೊನೆಯ ಸ್ಟೇಷನ್ ಸಿಎಸ್‌ಎಂಟಿಯಲ್ಲಿ ಇಳಿಯುವಾಗ ಕೈ ತಣ್ಣಗೆ. ಮೊದಲ ಅಲೆ ಆತಂಕದ್ದು. ಎರಡನೆಯದು ಅವರೇ ಎಬ್ಬಿಸಿಕೊಂಡದ್ದು. ಗಾಯದ ಮೇಲೆ ಬರೆ ಅಂತೀವಲ್ಲ, ಅದೇ.

ಇದಕ್ಕೆ ಕಾರಣ ಸರಳ. ಅಪಾಯ ಕಂಡರೆ ಮೈ ಎಚ್ಚೆತ್ತುಕೊಳ್ಳುತ್ತದೆ. ಎದೆ ಬಡಿಯುತ್ತದೆ, ಉಸಿರು ಮೇಲೆಮೇಲೆ ಆಡುತ್ತದೆ. ಯಾರಾದರೂ ಎದುರು ನಿಂತು ಗದರಿಸಿದರೂ ಹಾಗೇ ಆಗುತ್ತದೆ. ಆ ಗದರಿಕೆ ಹೊರಗಿನಿಂದ ಬಂತಾ, ತಲೆಯೊಳಗಿಂದ ಬಂತಾ ಅನ್ನುವ ವ್ಯತ್ಯಾಸ ಮೈಗೆ ಅಷ್ಟಾಗಿ ತಿಳಿಯುವುದಿಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್ ತಮ್ಮ ಚಿಕಿತ್ಸಾ ಕ್ರಮವನ್ನು ಕಟ್ಟಿದ್ದೇ ಇಂಥ ತಿಳಿವಳಿಕೆಯ ಮೇಲೆ. ತನ್ನನ್ನು ತಾನೇ ಬೈದುಕೊಂಡು ಆತಂಕ ಓಡಿಸಲು ಹೋಗುವವರು ಆತಂಕಕ್ಕೆ ಊಟ ಹಾಕುತ್ತಿರುತ್ತಾರೆ.

ಇಂಗ್ಲಿಷಿನಲ್ಲಿ ಇದರ ಮದ್ದಿಗೆ ಸೆಲ್ಫ್ ಕಂಪ್ಯಾಶನ್ ಅನ್ನುತ್ತಾರೆ. ಕನ್ನಡದಲ್ಲಿ ಸ್ವಾನುಕಂಪ ಅಂತ ಬರೆಯುವವರಿದ್ದಾರೆ. ನನಗೆ ಆ ಪದ ಹಿಡಿಸಲ್ಲ, ಯಾರ ಬಾಯಲ್ಲೂ ಕೇಳಿಲ್ಲ. ನಾನು ತನಗೆ ತಾನೇ ಸಮಾಧಾನ ಹೇಳಿಕೊಳ್ಳೋದು ಅಂತೀನಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಇದನ್ನು ಮೂರು ಭಾಗ ಮಾಡಿ ವಿವರಿಸಿದರು. ಆಗುತ್ತಿರುವುದನ್ನು ಇದ್ದ ಹಾಗೆ ಗಮನಿಸುವುದು, ಇದು ನನಗೊಬ್ಬಳಿಗೇ ಅಲ್ಲ ಅಂತ ನೆನೆಯುವುದು, ತನ್ನ ಜೊತೆ ಮೆತ್ತಗೆ ಮಾತಾಡುವುದು.

ಮೂರನೆಯದರಿಂದ ಶುರು ಮಾಡಿದ್ದು ನನ್ನ ತಪ್ಪು. ಎದೆಯ ಮೇಲೆ ಕೈ ಇಟ್ಟು ನಿಮಗೆ ನೀವೇ ಒಳ್ಳೆ ಮಾತು ಹೇಳಿಕೊಳ್ಳಿ ಅಂದೆ. ಮುಂದಿನ ವಾರ ಶೈಲಾ ಬಂದದ್ದು ಕಣ್ಣು ಊದಿಸಿಕೊಂಡು. "ರಾತ್ರಿ ಮಾಡಿದೆ ಮೇಡಂ. ಅಳು ಬಂತು, ನಿಲ್ಲಲೇ ಇಲ್ಲ. ಅದಕ್ಕೂ ಬೈದುಕೊಂಡೆ, ಇದೂ ಬರಲ್ಲವಲ್ಲ ನನಗೆ ಅಂತ."

ನಮ್ಮ ವೃತ್ತಿಯಲ್ಲಿ ಇದಕ್ಕೆ ಬ್ಯಾಕ್‌ಡ್ರಾಫ್ಟ್ ಅಂತಾರೆ. ಬೆಂಕಿ ಆರಿಸುವವರಿಂದ ಬಂದ ಮಾತು. ಒಳಗೆ ಬೆಂಕಿ ಇರುವ ಮುಚ್ಚಿದ ಕೋಣೆಯ ಬಾಗಿಲನ್ನು ಥಟ್ಟನೆ ತೆಗೆದರೆ ಗಾಳಿ ಹೊಕ್ಕು ಜ್ವಾಲೆ ಹೊರಗೆ ಹಾರುತ್ತದೆ. ವರ್ಷಗಟ್ಟಲೆ ಮೆತ್ತನೆಯ ಮಾತು ಕೇಳದ ಮನಸ್ಸಿಗೆ ಒಮ್ಮೆಲೇ ಅದು ಸಿಕ್ಕರೆ ಹಳೆಯ ನೋವೆಲ್ಲ ಎದ್ದು ಬರುತ್ತದೆ. ಹಾಗಾದಾಗ ಇನ್ನೂ ಜೋರಾಗಿ ಸಮಾಧಾನ ಹೇಳಿಕೊಳ್ಳಲು ಹೋಗಬಾರದು. ಅಭ್ಯಾಸ ನಿಲ್ಲಿಸಿ ಗಮನವನ್ನು ಅಂಗಾಲಿಗೆ ತರಬೇಕು, ಇಲ್ಲವೇ ಹೊರಗಿನ ಸದ್ದಿಗೆ. ಬೇಕಾದರೆ ಎದ್ದು ಒಂದು ಕಪ್ ಚಹಾ ಮಾಡಿಕೊಳ್ಳಬೇಕು. ಆ ಹೊತ್ತಿಗೆ ಸಮಾಧಾನ ಅಂದರೆ ಅದೇ.

ಎರಡು ವಾರ ಬರೀ ಅಂಗಾಲಷ್ಟೇ ಮಾಡಿದೆವು. ಲೋಕಲ್‌ನಲ್ಲಿ ಕೂರಲು ಜಾಗ ಸಿಗದಿದ್ದದ್ದು ಇದಕ್ಕೆ ಒಳ್ಳೆಯದೇ ಆಯಿತು. ಎರಡೂ ಪಾದ ಚಪ್ಪಲಿಗೆ ಒತ್ತಿದ ಜಾಗ, ಗಾಡಿ ಅಲುಗಿದಾಗ ಭಾರ ಹಿಮ್ಮಡಿಯಿಂದ ಬೆರಳಿಗೆ ಹೋಗುವುದು. ಅಷ್ಟನ್ನು ಮಾತ್ರ ಗಮನಿಸುವುದು. ರಾತ್ರಿ ಐದು ನಿಮಿಷ ಉಸಿರು. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಸೆಕೆಂಡಿಗೊಂದು ಎಣಿಕೆಯಾದರೆ ನಿಮಿಷಕ್ಕೆ ಆರು ಉಸಿರು ಬರುತ್ತದೆ. ತಲೆ ಸುತ್ತಿದರೆ ಎಣಿಕೆ ಬಿಟ್ಟು ಮಾಮೂಲಿ ಉಸಿರಾಡಬೇಕು. ಉಸಿರನ್ನು ತುಂಬ ಎಳೆದುಕೊಂಡರೆ ಹಾಗಾಗುತ್ತದೆ.

ಆಮೇಲೆ ಮಾತಿನ ಸರದಿ. ಇಲ್ಲಿ ಒಂದು ಕುತೂಹಲದ ಸಂಗತಿ ಕಂಡಿತು. ಶೈಲಾ ಮನೆಯಲ್ಲಿ ಮಕ್ಕಳ ಜೊತೆ ಹಿಂದಿ, ನೆರೆಯವರ ಜೊತೆ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್. ಆದರೆ ಬೈದುಕೊಳ್ಳುವುದು ಮಾತ್ರ ಗದಗದ ಕನ್ನಡದಲ್ಲಿ. ಯಾರ ದನಿ ಅದು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾಜಿದು" ಅಂದರು. ಸಮಾಧಾನದ ಮಾತನ್ನು ಅವರು ಮೊಬೈಲಿನಲ್ಲಿ ನೋಡಿ ಇಂಗ್ಲಿಷಿನಲ್ಲಿ ಹೇಳಿಕೊಳ್ಳುತ್ತಿದ್ದರು. ಬೈಗುಳ ಅಡುಗೆಮನೆಯ ಭಾಷೆಯಲ್ಲಿ, ಸಮಾಧಾನ ಆಫೀಸಿನ ಭಾಷೆಯಲ್ಲಿ. ಹೇಗೆ ನಾಟುತ್ತೆ ಹೇಳಿ? ಮುಂಬೈಯಲ್ಲಿ ನೆಲೆಸಿದ ನಮ್ಮವರಲ್ಲಿ ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

"ಚಿಕ್ಕವರಿದ್ದಾಗ ಅಂಜಿದರೆ ಮೆತ್ತಗೆ ಮಾತಾಡಿಸಿದವರು ಯಾರಾದರೂ ಇದ್ದರಾ?" ಅಂತ ಕೇಳಿದೆ. ಅಮ್ಮನ ತಾಯಿ ಇದ್ದರಂತೆ. ಗುಡುಗು ಬಂದರೆ ಸೀರೆ ಸೆರಗು ಹೊದಿಸಿ "ಇರ್ಲಿ ಬಿಡವಾ, ಒಂಚೂರು ಕುಂದರು" ಅನ್ನುತ್ತಿದ್ದರಂತೆ. ಅಂಜಬೇಡ ಅಂತ ಆಕೆ ಯಾವತ್ತೂ ಹೇಳಿರಲಿಲ್ಲ. ನಮಗೆ ಬೇಕಾದ ಸಾಲು ಸಿಕ್ಕಿತು.

ಅಲ್ಲಿಂದ ಮುಂದೆ ಲೋಕಲ್‌ನಲ್ಲಿ ಮೂರು ಸಣ್ಣ ಮಾತು, ಮನಸ್ಸಿನಲ್ಲೇ. ಪಾದ ನೆಲಕ್ಕೆ ತಾಗಿದ್ದನ್ನು ಗಮನಿಸಿ, "ಎದಿ ಬಡಿತೈತಿ, ಇದು ಆತಂಕ." ಆಮೇಲೆ, "ಈ ಡಬ್ಬ್ಯಾಗ ನಾ ಒಬ್ಬಾಕಿನ ಅಲ್ಲ." ಕೊನೆಗೆ ಅಜ್ಜಿಯ ಮಾತು. ಅರ್ಧ ನಿಮಿಷದ ಕೆಲಸ. ದಿನಕ್ಕೆ ಎರಡು ಮೂರು ಸಲ, ಆತಂಕ ಕಡಿಮೆ ಇರುವಾಗಲೂ ಒಂದು ಸಲ. ಮನೆಗೆ ಬೆಂಕಿ ಬಿದ್ದಾಗಲೇ ಬಾವಿ ತೋಡಬಾರದಲ್ವಾ.

ಈ ಹಂತದಲ್ಲಿ ಎರಡು ಕಡೆ ಕಾಲು ಜಾರಿತು. ಮೊದಲನೆಯದು, ಶೈಲಾ ಮೂರು ಮಾತು ಹೇಳಿ ಮುಗಿಸಿ "ಹೋಯ್ತಾ?" ಅಂತ ಎದೆಬಡಿತ ಪರೀಕ್ಷಿಸುತ್ತಿದ್ದರು. ಹೋಗದಿದ್ದರೆ ಮತ್ತೆ ಬೈಗುಳ. ಸಮಾಧಾನದ ಮಾತು ಆತಂಕ ಓಡಿಸುವ ಮಂತ್ರವಾದರೆ ಅದೂ ಒಂದು ಪರೀಕ್ಷೆಯಾಗಿಬಿಡುತ್ತದೆ. ಗುಡುಗು ನಿಲ್ಲಲಿ ಅಂತ ಅಜ್ಜಿ ಸೆರಗು ಹೊದಿಸಿದ್ದಲ್ಲ ಅಂತ ನೆನಪಿಸಿದೆ. ಬಡಿತ ಇದ್ದರೂ ಬೈಗುಳ ಬೇಗ ನಿಂತಿತಾ, ಅದನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆಯಿರಿ ಅಂದೆ.

ಎರಡನೆಯದು ರಜೆ. ಒಂದು ತಿಂಗಳ ಕೊನೆಗೆ "ನನ್ನ ಮೇಲೆ ನಾನೇ ದಯೆ ತೋರಿಸಿಕೊಂಡೆ" ಅಂತ ಆಫೀಸಿಗೆ ಹೋಗಲಿಲ್ಲ. ಅವತ್ತು ಹಾಯೆನಿಸಿತು. ಮರುದಿನ ಪ್ಲಾಟ್‌ಫಾರ್ಮಿನಲ್ಲಿ ಹೆದರಿಕೆ ದುಪ್ಪಟ್ಟು. ಜ್ವರವಿದ್ದು ರಜೆ ಹಾಕಿದರೆ ಅದು ಆರೈಕೆ. ಹೆದರಿಕೆಗೇ ರಜೆ ಹಾಕಿದರೆ ತಕ್ಷಣ ನಿರಾಳ, ಆದರೆ ನಾಳೆಯ ಹೆದರಿಕೆ ಬೆಳೆದಿರುತ್ತದೆ. ಗುರುತು ಹಿಡಿಯುವುದು ಹಾಗೆ. ಮುಂದಿನ ಸಲ ಅಜ್ಜಿಯ ಮಾತನ್ನು ಜೊತೆಗಿಟ್ಟುಕೊಂಡೇ ಗಾಡಿ ಹತ್ತಿ ಅಂದೆ.

ರಾತ್ರಿಯದು ಬರವಣಿಗೆ. ದಿನದ ಒಂದೇ ಒಂದು ಬೈಗುಳ ಆರಿಸಿ, ಅದೇ ತಪ್ಪನ್ನು ಆಫೀಸಿನ ಹೊಸ ಹುಡುಗಿ ಮಾಡಿದ್ದರೆ ಏನು ಹೇಳುತ್ತಿದ್ದೆ ಅಂತ ಕೆಳಗೆ ಬರೆಯುವುದು. ಒಂದು ದಿನದ ಪುಟ ಹೀಗಿತ್ತು. ಮೇಲೆ, "ಒಂದು ಬಿಲ್ ಎರಡು ಸಲ ಏರಿಸಿದೆ. ದಡ್ಡಿ." ಕೆಳಗೆ, "ಒಂದು ಬಿಲ್ ತಪ್ಪಿತು, ಸಂಜೆಯೊಳಗೆ ಸಿಕ್ತು. ಕಾಗದ ಎರಡು ಸಲ ನೋಡು, ಸಾಕು. ಆರನೇ ಸಲ ಬೇಡ, ಕಣ್ಣು ದಣಿದಾಗಲೇ ತಪ್ಪೋದು." ಗಮನಿಸಿ, ತಪ್ಪನ್ನು ತಪ್ಪಲ್ಲ ಅಂತ ಇಲ್ಲಿ ಹೇಳಿಲ್ಲ. ಬೈಯದಿದ್ದರೆ ಸೋಮಾರಿಯಾಗ್ತೀನಿ ಅನ್ನುವ ಭಯ ಅವರಿಗೆ ತುಂಬ ಇತ್ತು. ಕೆಳಗಿನ ಸಾಲುಗಳಲ್ಲೇ ಮುಂದಿನ ಕೆಲಸಕ್ಕೆ ಬೇಕಾದ ಸೂಚನೆ ಇದೆ, ಮೇಲಿನದರಲ್ಲಿ ಇಲ್ಲ ಅಂತ ತೋರಿಸಿದಾಗ ನಕ್ಕರು.

ಇದೆಲ್ಲ ಎಲ್ಲರಿಗೂ ಸಾಲುವುದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಮನೆಯಿಂದ ಹೊರಗೇ ಹೋಗಲಾಗದಿದ್ದರೆ ಮನೋವೈದ್ಯರನ್ನು ಕಾಣಬೇಕು, ಔಷಧಿ ಬೇಕಾಗಬಹುದು. ಎದೆನೋವು ಹೊಸದಾಗಿ ಬಂದರೆ ಆತಂಕ ಅಂತ ತಳ್ಳಿಹಾಕದೆ ಮೊದಲು ಡಾಕ್ಟರ್. ಬದುಕೇ ಬೇಡ ಅನ್ನಿಸಿದರೆ ತಡ ಮಾಡದೆ ಹತ್ತಿರದವರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಹತ್ತನೇ ವಾರ ಮತ್ತೆ ಪ್ರಶ್ನೆಪಟ್ಟಿ ಕೊಟ್ಟೆ. 14 ಇದ್ದದ್ದು 8 ಆಗಿತ್ತು. ಆತಂಕ ಹೋಗಿಲ್ಲ, ಸೌಮ್ಯವಾಗಿದೆ. ಅವತ್ತು ಅವರು ತಡವಾಗಿ ಬಂದಿದ್ದರು. ಗಾಡಿ ತಪ್ಪಿತ್ತಂತೆ.

"ಬೈದುಕೊಂಡಿರಾ?" ಅಂದೆ.

"ಬೈದೆ ಮೇಡಂ. ಆದ್ರೆ ದಿವಾ ಸ್ಟೇಷನ್ ದಾಟೋದ್ರೊಳಗ ಮುಗೀತು. ಆಮೇಲೆ ಅಲ್ಲೇ ಒಬ್ಬಾಕಿ ಮಲ್ಲಿಗೆ ಮಾರ್ತಿದ್ಲು, ಎರಡು ಮೊಳ ತಗೊಂಡೆ."